ಬಿಲ್ ವಿಭಾಗದ ಕೆಲಸ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕುವ ಬಗೆ, ಪಕ್ಕದ ಮೇಜಿಗೆ ಸರಿಯುವ ಬಗೆ

ನವಿ ಮುಂಬೈಯ ಐರೋಲಿ, ಪುಣೆಯ ಹಿಂಜವಡಿ, ಖರಾಡಿಯ ದೊಡ್ಡ ಕಚೇರಿಗಳಲ್ಲಿ ಬಿಲ್ ಪಾವತಿ ವಿಭಾಗದಲ್ಲಿ ದುಡಿಯುವ ಕನ್ನಡಿಗರು ನನ್ನ ಪರಿಚಯದಲ್ಲಿಯೇ ಸಾಕಷ್ಟು ಮಂದಿ ಇದ್ದಾರೆ. ಬಿ.ಕಾಂ. ಮುಗಿಸಿ, ಡೊಂಬಿವಲಿಯಿಂದಲೋ ಠಾಣೆಯಿಂದಲೋ ರೈಲು ಹತ್ತಿ ಹೋಗಿ, ದಿನವಿಡೀ ಸರಬರಾಜುದಾರರ ಬಿಲ್‌ಗಳನ್ನು ಕಂಪ್ಯೂಟರಿಗೆ ಏರಿಸುವವರು. ಹಲವು ವರ್ಷ ಇದೇ ವಿಭಾಗದಲ್ಲಿದ್ದು ಈಗ ಲೆಕ್ಕಪರಿಶೋಧನೆಯ ಕಡೆ ಇರುವ ನನ್ನನ್ನು ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಈ ಕೆಲಸ ಯಂತ್ರದ ಪಾಲಾಗುತ್ತದೆಯೇ, ಆಗುವುದಾದರೆ ಯಾವ ಕಡೆ ಹೋಗಬೇಕು? ಹೌದು ಅಥವಾ ಇಲ್ಲ ಎಂಬ ಉತ್ತರ ಇದಕ್ಕೆ ಸಾಲದು. ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ನನ್ನ ಅಕ್ಕನ ಮಗಳ ಕೆಲಸವನ್ನೇ ಇಟ್ಟುಕೊಂಡು ಇಲ್ಲಿ ಬಿಡಿಸುತ್ತೇನೆ. ಅವಳು ಐರೋಲಿಯ ಒಂದು ಕಚೇರಿಯಲ್ಲಿ ಕುಳಿತು ಪುಣೆ ಬಳಿಯ ಚಾಕಣದ ಕಾರ್ಖಾನೆಯೊಂದರ ಬಿಲ್‌ಗಳನ್ನು ನೋಡಿಕೊಳ್ಳುತ್ತಾಳೆ.

ಹುದ್ದೆಯ ಹೆಸರನ್ನು ಬದಿಗಿಡಿ, ಗಂಟೆಗಳನ್ನು ಬರೆಯಿರಿ

2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 702 ಉದ್ಯೋಗಗಳನ್ನು ಪರಿಶೀಲಿಸಿ, ಅಮೆರಿಕದ ಶೇ 47ರಷ್ಟು ಉದ್ಯೋಗ ಯಾಂತ್ರೀಕರಣದ ಹೆಚ್ಚಿನ ಅಪಾಯದಲ್ಲಿದೆ ಎಂದರು. ಮೂರು ವರ್ಷದ ನಂತರ ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅದೇ ಅಮೆರಿಕಕ್ಕೆ ಬಂದ ಸಂಖ್ಯೆ ಸುಮಾರು ಶೇ 9. ಮೊದಲನೆಯವರು ಇಡೀ ಹುದ್ದೆಯನ್ನು ಒಂದು ಗಂಟಾಗಿ ತೂಗಿದ್ದರು. ಎರಡನೆಯವರು ಒಬ್ಬೊಬ್ಬರು ದಿನದಲ್ಲಿ ನಿಜವಾಗಿ ಮಾಡುವ ಬಿಡಿ ಕೆಲಸಗಳನ್ನು ತೂಗಿದರು. ನಿಮ್ಮ ವಿಷಯದಲ್ಲಿ ನೀವು ಹಿಡಿಯಬೇಕಾದದ್ದು ಎರಡನೆಯ ದಾರಿ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಅದರಲ್ಲಿ ಒಂದು ವಾರವಾದರೂ ತಿಂಗಳ ಕೊನೆಯದಾಗಿರಲಿ, ಏಕೆಂದರೆ ಆ ವಾರದ ಕೆಲಸವೇ ಬೇರೆ. 'ಬಿಲ್ ನೋಡಿದೆ' ಎಂದು ಬರೆದರೆ ಉಪಯೋಗವಿಲ್ಲ. ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ತುಂಬಿದೆ. ಖರೀದಿ ಆದೇಶದ ಜೊತೆ ಹೋಲಿಸಿದೆ. ಸ್ಟೋರ್ಸ್‌ಗೆ ಫೋನ್ ಮಾಡಿ ಸರಕು ಬಂತೇ ಎಂದು ಕೇಳಿದೆ — ಹೀಗೆ ಒಂದೊಂದು ಕ್ರಿಯೆಯೂ ಬೇರೆ ಸಾಲಾಗಬೇಕು. ಜನರು ಇಲ್ಲಿ ಎಡವುವುದು ತಮಗೆ ಹೆಮ್ಮೆ ತರುವ ಕೆಲಸವನ್ನು ಹೆಚ್ಚಾಗಿಯೂ ಬೇಸರ ತರುವುದನ್ನು ಕಡಿಮೆಯಾಗಿಯೂ ಬರೆದುಕೊಳ್ಳುವುದರಲ್ಲಿ. ಸಂಜೆ ನೆನಪಿನಿಂದ ಬರೆಯದೆ ಪ್ರತಿ ಗಂಟೆಗೊಮ್ಮೆ ಗುರುತು ಹಾಕಿಕೊಂಡರೆ ಈ ತಪ್ಪು ತಗ್ಗುತ್ತದೆ.

ಅಕ್ಕನ ಮಗಳ 40 ಗಂಟೆಯ ವಾರ ಹೀಗೆ ಒಡೆಯಿತು. ಬಿಲ್ ತುಂಬುವುದು 16 ಗಂಟೆ. ಖರೀದಿ ಆದೇಶ, ಸರಕು ಸ್ವೀಕೃತಿ, ಬಿಲ್ ಈ ಮೂರನ್ನು ತಾಳೆ ಹಾಕುವುದು 8 ಗಂಟೆ. ತಾಳೆಯಾಗದೆ ನಿಂತ ಬಿಲ್‌ಗಳನ್ನು ಬಿಡಿಸುವುದು 7 ಗಂಟೆ. ಸರಬರಾಜುದಾರರ ಖಾತೆಯೊಂದಿಗೆ ನಮ್ಮ ಖಾತೆಯನ್ನು ಹೊಂದಿಸುವುದು 3 ಗಂಟೆ. ಸರಬರಾಜುದಾರರ ಬ್ಯಾಂಕ್ ವಿವರ ಬದಲಾದಾಗ ಪರಿಶೀಲಿಸುವುದು 2, ಆಡಿಟ್ ಪ್ರಶ್ನೆಗಳಿಗೆ ಉತ್ತರಿಸುವುದು 2, 'ನಮ್ಮ ಹಣ ಯಾವಾಗ ಬರುತ್ತದೆ' ಎಂಬ ಇಮೇಲ್‌ಗಳಿಗೆ ಉತ್ತರಿಸುವುದು 2.

ಪ್ರತಿ ಸಾಲಿಗೂ ಮೂರು ಪ್ರಶ್ನೆ

ಮೊದಲ ಪ್ರಶ್ನೆ: ಕೈಗೆ ಬರುವ ಕಾಗದ ದಿನೇ ದಿನೇ ಒಂದೇ ಅಚ್ಚಿಗೆ ಬರುತ್ತಿದೆಯೇ? ಬಿಲ್ ತುಂಬುವ ಕೆಲಸವನ್ನು ಕೃತಕ ಬುದ್ಧಿಮತ್ತೆ ತಿನ್ನುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಭಾರತದಲ್ಲಿ ಅದರ ಬೇರನ್ನು ಮೊದಲು ಕಡಿದದ್ದು ತೆರಿಗೆ ಕಾನೂನು. ವರ್ಷಕ್ಕೆ 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳಿಗೆ 2020ರ ಅಕ್ಟೋಬರ್ 1ರಂದು ಇ-ಇನ್ವಾಯ್ಸ್ ಕಡ್ಡಾಯವಾಯಿತು. ಮಿತಿ ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಅಂಥ ಬಿಲ್ಲಿನ ಮುಖ್ಯ ವಿವರಗಳು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗಿ, ಕ್ಯೂಆರ್ ಗುರುತಿನೊಡನೆ ಬರುತ್ತವೆ. ಯಂತ್ರ ಅದನ್ನು ಊಹಿಸಿ ಓದಬೇಕಾಗಿಯೇ ಇಲ್ಲ. ವಿದೇಶಿ ಬಿಲ್‌ಗಳ ಮೇಜಿನಲ್ಲಿ ಕುಳಿತವರು ಆ ದೇಶದ ಕ್ಯಾಲೆಂಡರ್ ನೋಡಬೇಕು. ಜರ್ಮನಿಯಲ್ಲಿ 2025ರ ಜನವರಿಯಿಂದ ದೇಶದೊಳಗಿನ ವ್ಯಾಪಾರಿಗಳೆಲ್ಲರೂ ಇ-ಇನ್ವಾಯ್ಸ್ ಸ್ವೀಕರಿಸಲು ಸಜ್ಜಾಗಿರಬೇಕು. ಬೆಲ್ಜಿಯಂನಲ್ಲಿ 2026ರ ಜನವರಿಯಿಂದ ವ್ಯಾಪಾರಿಗಳ ನಡುವಿನ ಬಿಲ್‌ಗಳಿಗೆ ಅದು ಕಡ್ಡಾಯ. ಹಿಂಜವಡಿಯಲ್ಲಿ ಕುಳಿತವರ ಕೆಲಸದ ಆಯಸ್ಸನ್ನು ಬರ್ಲಿನ್ನಿನ ಕಾಯ್ದೆ ತೀರ್ಮಾನಿಸಬಹುದು ಎಂಬುದನ್ನು ನಮ್ಮವರು ಇನ್ನೂ ಗಮನಿಸಿಲ್ಲ.

ಎರಡನೆಯದು: ಸರಿಯುತ್ತರ ಈಗಾಗಲೇ ಯಾವುದಾದರೂ ದಾಖಲೆಯಲ್ಲಿ ಇದೆಯೇ? ಮೂರು ಕಾಗದಗಳ ದರ, ಪ್ರಮಾಣ ಒಂದೇ ಇದ್ದರೆ ಬಿಲ್ ಸರಿ. ಉತ್ತರ ದಾಖಲೆಯಲ್ಲಿಯೇ ಇರುವುದರಿಂದ ಅಲ್ಲಿ ಮನುಷ್ಯ ಬೇಕಿಲ್ಲ. ಹಣ ಯಾವಾಗ ಬರುತ್ತದೆ ಎಂಬ ಪ್ರಶ್ನೆಯೂ ಅಂಥದ್ದೇ.

ಮೂರನೆಯದು: ತಪ್ಪಾದರೆ ಯಾರು ಹೊಣೆ, ಎಷ್ಟು ನಷ್ಟ? ಬ್ಯಾಂಕ್ ವಿವರ ಬದಲಿಸಿ ಎಂದು ಸರಬರಾಜುದಾರರ ಹೆಸರಿನಲ್ಲಿ ಬಂದ ಇಮೇಲ್ ನಕಲಿಯಾಗಿದ್ದರೆ ಹಣ ವಂಚಕರ ಖಾತೆಗೆ ಹೋಗುತ್ತದೆ, ಮರಳುವುದು ಕಷ್ಟ. ಅದಕ್ಕಾಗಿಯೇ ಹಳೆಯ ದಾಖಲೆಯಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಿ, ಗೊತ್ತಿರುವ ಧ್ವನಿಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಗಂಟೆ ಕಡಿಮೆಯಾದರೂ ಈ ಸಾಲನ್ನು ಕಂಪನಿ ಮನುಷ್ಯರ ಕೈಯಲ್ಲಿಯೇ ಇಟ್ಟುಕೊಳ್ಳುತ್ತದೆ.

ಈ ಮೂರರಲ್ಲಿ ಜರಡಿ ಹಿಡಿದಾಗ 16, 8, 2 ಒಟ್ಟು 26 ಗಂಟೆ ಯಂತ್ರದ ಕಡೆಗೆ ಬಿದ್ದವು. ಉಳಿದದ್ದು 14.

ನಿಂತ ಬಿಲ್‌ಗಳನ್ನು ಮತ್ತೊಮ್ಮೆ ಸೀಳಿ

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, 'ತಾಳೆಯಾಗದ ಬಿಲ್‌ಗಳಿಗೆ ಮನುಷ್ಯರು ಬೇಕೇ ಬೇಕು' ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ದಯವಿಟ್ಟು ಅಲ್ಲಿ ನಿಲ್ಲಬೇಡಿ. ಆ 7 ಗಂಟೆಯನ್ನು ಕಾರಣಕ್ಕೆ ತಕ್ಕಂತೆ ಎರಡು ರಾಶಿ ಮಾಡಿ.

ಒಂದು ರಾಶಿ ಶಿಸ್ತು ತಪ್ಪಿದ್ದರಿಂದ ಹುಟ್ಟಿದ್ದು. ಸರಕು ಬಂದು ಮೂರು ದಿನವಾದರೂ ಸ್ಟೋರ್ಸ್‌ನವರು ಸ್ವೀಕೃತಿ ಹಾಕಿಲ್ಲ, ಬಿಲ್ಲಿನಲ್ಲಿ ಆದೇಶದ ಸಂಖ್ಯೆ ಇಲ್ಲ. ಇವುಗಳಿಗೆ ನೀವು ಮಾಡುವುದು ನೆನಪಿಸುವ ಕೆಲಸ. ಆದೇಶ ಸಂಖ್ಯೆ ಇಲ್ಲದ ಬಿಲ್ ಪೋರ್ಟಲ್‌ಗೆ ಏರುವುದೇ ಇಲ್ಲ ಎಂದು ಕಂಪನಿ ಒಂದು ದಿನ ನಿಯಮ ಮಾಡಿದರೆ ಈ ರಾಶಿ ಕರಗುತ್ತದೆ. ಅಕ್ಕನ ಮಗಳ 7 ಗಂಟೆಯಲ್ಲಿ 3 ಇಂಥವೇ ಆಗಿದ್ದವು.

ಇನ್ನೊಂದು ರಾಶಿ ನಿಜವಾದ ತಕರಾರಿನದು. ಬೆಳಗಾವಿಯ ಒಬ್ಬ ಎರಕದ ಸಾಮಾನಿನ ಸರಬರಾಜುದಾರರ ಬಿಲ್ ಅವಳ ಮೇಜಿನಲ್ಲಿ ನಿಂತಿತ್ತು. ಅವರು 500 ತುಂಡುಗಳಿಗೆ ತಲಾ 412 ರೂಪಾಯಿಯಂತೆ ತೆರಿಗೆ ಬಿಟ್ಟು 2,06,000 ರೂಪಾಯಿಯ ಬಿಲ್ ಕಳುಹಿಸಿದ್ದರು. ವ್ಯವಸ್ಥೆಯಲ್ಲಿದ್ದ ಆದೇಶದ ದರ 400. ಸ್ಟೋರ್ಸ್ ಒಪ್ಪಿಕೊಂಡದ್ದು 480 ತುಂಡು. ಹಾಗಾಗಿ ವ್ಯವಸ್ಥೆಯ ಲೆಕ್ಕ 1,92,000. ಎರಡು ಸಂಖ್ಯೆ ಹೊಂದುವುದಿಲ್ಲ ಎಂದು ಹೇಳಿ ಯಂತ್ರ ನಿಂತಿತು. ಅವಳು ಬೆಳಗಾವಿಗೆ ಫೋನ್ ಮಾಡಿದಳು.

'ಸರ್, ದರ ಹನ್ನೆರಡು ರೂಪಾಯಿ ಹೆಚ್ಚಿದೆಯಲ್ಲ?'

'ಕಚ್ಚಾ ಕಬ್ಬಿಣದ ದರ ಏರಿದಾಗ ನಿಮ್ಮ ಖರೀದಿ ವಿಭಾಗದವರೇ ಒಪ್ಪಿ ಮೇಲ್ ಹಾಕಿದ್ದಾರೆ ಮೇಡಂ, ಈಗಲೇ ಕಳುಹಿಸುತ್ತೇನೆ. ಇಪ್ಪತ್ತು ತುಂಡಿನ ವಿಷಯ ಮಾತ್ರ ನನಗೆ ಗೊತ್ತಿಲ್ಲ.'

ಚಾಕಣದ ಗುಣಮಟ್ಟ ವಿಭಾಗದವರೊಡನೆ ಮರಾಠಿಯಲ್ಲಿ ಮಾತನಾಡಿದಾಗ, ಆ 20 ತುಂಡುಗಳಲ್ಲಿ ಗಾಳಿಗುಳ್ಳೆ ಇದ್ದುದರಿಂದ ತಿರಸ್ಕರಿಸಿದ್ದಾಗಿ ತಿಳಿಯಿತು. ಫೋಟೊ ಸಹ ಸಿಕ್ಕಿತು. ಕೊನೆಗೆ ದರದಲ್ಲಿ ಸರಬರಾಜುದಾರರು ಸರಿ, ಪ್ರಮಾಣದಲ್ಲಿ ಕಾರ್ಖಾನೆ ಸರಿ. ಕೊಡಬೇಕಾದದ್ದು 480ಕ್ಕೆ 412ರಂತೆ 1,97,760. ಖರೀದಿ ವಿಭಾಗ ಆದೇಶವನ್ನು ತಿದ್ದಬೇಕು, ಸರಬರಾಜುದಾರರು 8,240 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡಬೇಕು. ಸರಿಯುತ್ತರ ಯಾವ ಒಂದು ದಾಖಲೆಯಲ್ಲಿಯೂ ಇರಲಿಲ್ಲ. ಮೂರು ಊರಿನ ಮೂವರ ಬಳಿ ಚೂರು ಚೂರಾಗಿ ಇತ್ತು. ಇಂಥ ಕೆಲಸ ವಾರಕ್ಕೆ 4 ಗಂಟೆ. ಕನ್ನಡ, ಮರಾಠಿ ಎರಡೂ ಬಲ್ಲ ಮುಂಬೈ ಕನ್ನಡಿಗರು ತಮ್ಮ ಭಾಷಾಬಲವನ್ನು ಅರ್ಜಿಯ ಕೊನೆಯ ಸಾಲಿಗೆ ತಳ್ಳುತ್ತಾರೆ. ಬೆಳಗಾವಿ, ಕೊಲ್ಹಾಪುರ, ಚಾಕಣದ ಸರಪಳಿಯಲ್ಲಿ ಅದು ಹಣದ ಬೆಲೆಯುಳ್ಳ ಕೌಶಲ.

ಈಗ ಲೆಕ್ಕ ಬದಲಾಯಿತು. ಯಂತ್ರದ ಕಡೆ 29 ಗಂಟೆ, ಮನುಷ್ಯರ ಕಡೆ 11.

ಗಂಟೆಯಿಂದ ಕುರ್ಚಿಗೆ

ಕೆಲಸ 11 ಗಂಟೆಗೆ ಇಳಿದರೆ ಕಂಪನಿ ಅವಳನ್ನು ವಾರಕ್ಕೆ ಒಂದೂವರೆ ದಿನ ಕರೆಯುವುದಿಲ್ಲ. ಅದೇ ಕೆಲಸ ಮಾಡುವ ಹತ್ತು ಜನರ ತಂಡವಿದ್ದರೆ ಉಳಿಯುವುದು 110 ಗಂಟೆ. 40ರಿಂದ ಭಾಗಿಸಿದರೆ ಮೂರು ಜನಕ್ಕೂ ಸ್ವಲ್ಪ ಕಡಿಮೆ. ಯಂತ್ರ ಓದಿದ್ದನ್ನು ಪರೀಕ್ಷಿಸುವ ಹೊಸ ಕೆಲಸಕ್ಕೆ ಒಬ್ಬರನ್ನು ಸೇರಿಸಿ, ನಾಲ್ವರು ಎನ್ನೋಣ. ಆದ್ದರಿಂದ ನೀವು ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ತಂಡದಲ್ಲಿ ತಕರಾರು ಬಿಡಿಸುವುದರಲ್ಲಿ ಮೊದಲ ನಾಲ್ವರಲ್ಲಿ ನಾನಿದ್ದೇನೆಯೇ?

ಕಾಲದ ಅಂದಾಜಿಗೆ ಸಭೆಗಳಲ್ಲಿ ಮೇಲಧಿಕಾರಿಗಳು ಆಡುವ ಮಾತನ್ನು ನಂಬಬೇಡಿ; ಆ ಮಾತು ಎಲ್ಲ ಕಂಪನಿಯಲ್ಲಿಯೂ ಒಂದೇ. ಬಿಟ್ಟುಹೋದವರ ಜಾಗ ತುಂಬದಿರುವುದು, ಸರಬರಾಜುದಾರರು ಪೋರ್ಟಲ್‌ನಲ್ಲಿಯೇ ಬಿಲ್ ಏರಿಸಬೇಕೆಂಬ ಪತ್ರ, ನಿಂತ ಪ್ರತಿ ಬಿಲ್ಲಿಗೂ ಕಾರಣದ ಸಂಕೇತ ನಮೂದಿಸಿ ಎಂಬ ಸೂಚನೆ ಇವು ನಿಜವಾದ ಗುರುತುಗಳು. ಕೊನೆಯದು ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಯಾವ ಕಾರಣವನ್ನು ಮೊದಲು ನಿಯಮದಿಂದ ಅಳಿಸಬಹುದು ಎಂದು ನೋಡಲು ಕಂಪನಿಗೆ ಬೇಕಾಗುವುದು ಆ ಪಟ್ಟಿಯೇ. ಯಾರೂ ಕೈ ಹಾಕದೆ ಪಾವತಿಯಾದ ಬಿಲ್‌ಗಳ ಶೇಕಡಾವಾರು ತಿಂಗಳ ವರದಿಯಲ್ಲಿ ಕಾಣಿಸಿಕೊಂಡರೆ ಯಾಂತ್ರೀಕರಣ ಶುರುವಾಗಿದೆ ಎಂದೇ ತಿಳಿಯಿರಿ.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಮಸ್ಜಿದ್ ಬಂದರಿನ ಸಗಟು ವ್ಯಾಪಾರಿಯ ಬಳಿ ತಿಂಗಳಿಗೆ 300 ಬಿಲ್ ನೋಡುವ ಲೆಕ್ಕಿಗರಿಗೆ ಈ ಅಪಾಯ ಕಡಿಮೆ. ಅಷ್ಟು ಬಿಲ್ಲಿಗಾಗಿ ಆ ವ್ಯಾಪಾರಿ ದುಬಾರಿ ವ್ಯವಸ್ಥೆ ಕೊಳ್ಳುವುದಿಲ್ಲ. ಬ್ಯಾಂಕು, ತೆರಿಗೆ, ಸಂಬಳ ಎಲ್ಲವೂ ಅದೇ ಒಬ್ಬರ ತಲೆಯ ಮೇಲಿರುತ್ತದೆ.

ಪಕ್ಕದ ಕೆಲಸವನ್ನೂ ಅದೇ ತಕ್ಕಡಿಯಲ್ಲಿ ತೂಗಿ

ಪಕ್ಕದ ಕೆಲಸವೆಂದರೆ ನೀವು ಈಗ ಮುಟ್ಟುವ ಕಾಗದಗಳನ್ನೇ, ಈಗ ಮಾತನಾಡುವ ಜನರನ್ನೇ ಬಳಸುವ ಕೆಲಸ. ಹುಡುಕಲು onetonline.org ತಾಣದಲ್ಲಿ 43-3031.00 ಎಂದು ಹಾಕಿದರೆ ಲೆಕ್ಕದ ಗುಮಾಸ್ತರ ಕೆಲಸಗಳ ಪಟ್ಟಿಯೂ ಅದಕ್ಕೆ ಹತ್ತಿರದ ಉದ್ಯೋಗಗಳೂ ಸಿಗುತ್ತವೆ. ಅದು ಅಮೆರಿಕದ ಪಟ್ಟಿ, ನಮ್ಮ ತೆರಿಗೆ ಅದರಲ್ಲಿಲ್ಲ; ಆದ್ದರಿಂದ ಯೋಚನೆಗೆ ಮೊದಲ ಹೆಜ್ಜೆಯಾಗಿ ಮಾತ್ರ ಬಳಸಿ.

ಅಕ್ಕನ ಮಗಳಿಗೆ ಮೊದಲು ಕಂಡದ್ದು ಗ್ರಾಹಕರಿಂದ ಬಂದ ಹಣವನ್ನು ಅವರವರ ಬಿಲ್ಲಿಗೆ ಜಮಾ ಮಾಡುವ ಮೇಜು. ಕೆಲಸ ಪರಿಚಿತ, ಜಾಗವೂ ಖಾಲಿ ಇತ್ತು. ಆದರೆ ಈಗ ಪ್ರತಿ ಗ್ರಾಹಕರಿಗೂ ಬ್ಯಾಂಕಿನಿಂದ ಪ್ರತ್ಯೇಕ ವರ್ಚುವಲ್ ಖಾತೆ ಸಂಖ್ಯೆ ಕೊಡಿಸಬಹುದು; ಯಾರ ಹಣವೆಂದು ಹುಡುಕುವ ಕೆಲಸವೇ ಆಗ ಇರುವುದಿಲ್ಲ. ಅಲ್ಲಿಗೆ ಹೋಗುವುದು ಮುಳುಗುವ ದೋಣಿಯಿಂದ ಇನ್ನೊಂದು ಮುಳುಗುವ ದೋಣಿಗೆ ಹಾರಿದಂತೆ.

ಎರಡನೆಯದು ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯ ಮೇಜು. ಕಂಪನಿ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ಸರಬರಾಜುದಾರರು ಆ ಬಿಲ್ಲನ್ನು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸಿರಬೇಕು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಅದರ ಕೊನೆಯ ದಿನ ಮುಂದಿನ ತಿಂಗಳ 11. ಅದರಿಂದ ಕೊಂಡ ಕಂಪನಿಗೆ ಸಿಗಬಹುದಾದ ಜಮೆಯ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ, 14ರಂದು ತಯಾರಾಗುತ್ತದೆ. ಕಂಪನಿ ತೆರಿಗೆ ಕಟ್ಟಿ ತನ್ನ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದದ್ದು 20ಕ್ಕೆ. ನಡುವಿನ ಆರು ದಿನದಲ್ಲಿ ಆ ಮೇಜಿನ ಬಿಸಿ ಏನೆಂದು ತಿಳಿಯುತ್ತದೆ.

ಅಲ್ಲಿನ ಸಹೋದ್ಯೋಗಿಯೊಬ್ಬರನ್ನು ಕೇಳಿ ಅವಳು ಅವರ ವಾರವನ್ನೂ ಒಡೆದಳು. ದತ್ತಾಂಶ ಇಳಿಸಿ ತಾಳೆ ಹಾಕುವುದು 10 ಗಂಟೆ, ರಿಟರ್ನ್ ತಯಾರಿ 8. ಈ 18 ಗಂಟೆ ಹೋಗುವಂಥವು. ಸರಬರಾಜುದಾರರ ಬೆನ್ನು ಹತ್ತುವುದು 10, ಯಾವ ಜಮೆ ಪಡೆಯಬೇಕು, ಯಾವುದನ್ನು ಹಿಂತಿರುಗಿಸಬೇಕು ಎಂಬ ತೀರ್ಮಾನ 6, ಇಲಾಖೆಯ ನೋಟಿಸು ಮತ್ತು ಆಡಿಟ್‌ಗೆ ಉತ್ತರ 6. ಉಳಿಯುವುದು 22. ಪೂರ್ತಿ ಸುರಕ್ಷಿತವಲ್ಲ, ಆದರೆ 11ರ ಎರಡರಷ್ಟು.

ಆ 22 ಏಕೆ ಉಳಿಯುತ್ತದೆ ಎಂದು ಒಂದು ಉದಾಹರಣೆಯಿಂದ ನೋಡಿ. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲಿಯೂ ಕಾರ್ಖಾನೆ ಇರುವ ಕಂಪನಿಗೆ ಎರಡು ಜಿಎಸ್‌ಟಿ ಸಂಖ್ಯೆ ಇರುತ್ತವೆ. ಒಂದು 29ರಿಂದ, ಇನ್ನೊಂದು 27ರಿಂದ ಶುರುವಾಗುತ್ತದೆ. ಬೆಳಗಾವಿಯ ಸರಬರಾಜುದಾರರು ಚಾಕಣಕ್ಕೆ ಕಳುಹಿಸಿದ ಸರಕನ್ನು ಮರೆವಿನಿಂದ 29ರ ಸಂಖ್ಯೆಗೆ ತೋರಿಸಿಬಿಟ್ಟರೆ ಚಾಕಣದ 2ಬಿಯಲ್ಲಿ ಆ ಬಿಲ್ ಕಾಣಿಸುವುದೇ ಇಲ್ಲ. ತಂತ್ರಾಂಶ 'ಇಲ್ಲ' ಎಂದಷ್ಟೇ ಹೇಳುತ್ತದೆ. ತಪ್ಪನ್ನು ಹುಡುಕಿ, ಅವರ ಲೆಕ್ಕಿಗರಿಂದ ತಿದ್ದಿಸಿ, ಅಲ್ಲಿಯವರೆಗೆ ತೆರಿಗೆಯ ಪಾಲನ್ನು ತಡೆಹಿಡಿಯಬೇಕೇ ಎಂದು ನಿರ್ಧರಿಸುವುದು ಮನುಷ್ಯರ ಕೆಲಸ. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಪ್ರತಿ ಬಿಲ್ಲನ್ನೂ ಒಪ್ಪುವ, ತಿರಸ್ಕರಿಸುವ, ಬಾಕಿ ಇಡುವ ಸೌಲಭ್ಯ ಬಂದಿದೆ. ಏನೂ ಮಾಡದಿದ್ದರೆ ಒಪ್ಪಿದಂತೆ. ಅರ್ಹವಲ್ಲದ ಜಮೆಯನ್ನು ಪಡೆದು ಬಳಸಿಕೊಂಡರೆ ವರ್ಷಕ್ಕೆ ಶೇ 18 ಬಡ್ಡಿ. ಹೊಣೆ ಹಣದ ರೂಪದಲ್ಲಿಯೇ ಇದೆ.

ಒಂದು ಮಿತಿಯನ್ನು ಮುಚ್ಚಿಡಬಾರದು. ಹತ್ತು ಜನರ ಬಿಲ್ ತಂಡವಿರುವ ಕಡೆ ಜಿಎಸ್‌ಟಿ ಮೇಜಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಎಲ್ಲರಿಗೂ ಅಲ್ಲಿ ಜಾಗವಿಲ್ಲ. ಆದರೆ ಈ ಕೆಲಸ ಪ್ರತಿ ಊರಿನ ಪ್ರತಿ ಸಿಎ ಕಚೇರಿಯಲ್ಲಿಯೂ ಇದೆ. ಕಲಿತದ್ದು ಒಂದೇ ಕಂಪನಿಗೆ ಕಟ್ಟುಬೀಳುವುದಿಲ್ಲ. ಸರಬರಾಜುದಾರರ ಬ್ಯಾಂಕ್ ವಿವರ, ಪಾವತಿ ಅನುಮತಿಗಳನ್ನು ಪರೀಕ್ಷಿಸುವ ಆಂತರಿಕ ನಿಯಂತ್ರಣ ವಿಭಾಗ ಇನ್ನೊಂದು ಒಳ್ಳೆಯ ಆಯ್ಕೆ. ಆಡಿಟ್ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿ ಚುರುಕಾದವರಿಗೆ ಅದು ಒಗ್ಗುತ್ತದೆ. ಬಿಲ್ ತುಂಬುವ ರೋಬಾಟ್ ತಂತ್ರಾಂಶ ಬರೆಯುವ ಕಿರು ಕೋರ್ಸ್‌ಗಳ ಬಗ್ಗೆ ಎಚ್ಚರವಿರಲಿ: ಕಟ್ಟುವ ಕೆಲಸ ಒಮ್ಮೆ ಮುಗಿಯುತ್ತದೆ, ನಂತರ ಉಸ್ತುವಾರಿಗೆ ಕೆಲವರು ಸಾಕು.

ಕೊರತೆಯನ್ನು ನಿಮ್ಮದೇ ಬಿಲ್‌ಗಳಿಂದ ತುಂಬಿ

ಬಿಲ್ ವಿಭಾಗದವರ ಬಳಿ ಈಗಾಗಲೇ ಇರುವುದು: ಸರಬರಾಜುದಾರರ ಪರಿಚಯ, ವ್ಯತ್ಯಾಸ ಏಕೆ ಬರುತ್ತದೆ ಎಂಬ ತಿಳಿವಳಿಕೆ, ಪಾವತಿಯ ದಿನಾಂಕಗಳು. ಕೊನೆಯದರ ಬೆಲೆ ದೊಡ್ಡದು. ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಜಮೆಯನ್ನು ಬಡ್ಡಿಯೊಡನೆ ಹಿಂತಿರುಗಿಸಬೇಕು. ತಕರಾರಿನಲ್ಲಿ ನಿಂತ ಬಿಲ್‌ಗಳು ಯಾವುವು ಎಂದು ಜಿಎಸ್‌ಟಿಯವರಿಗಿಂತ ಮೊದಲು ನಿಮಗೆ ಗೊತ್ತಿರುತ್ತದೆ.

ಇಲ್ಲದಿರುವುದು ಜಮೆಯ ಷರತ್ತುಗಳು ಮತ್ತು ನೋಟಿಸಿಗೆ ಉತ್ತರ ಬರೆಯುವ ಅಭ್ಯಾಸ. ಜಿಎಸ್‌ಟಿ ಕಾಯ್ದೆಯ 16 ಮತ್ತು 17(5)ನೇ ಸೆಕ್ಷನ್‌ಗಳನ್ನು ಮುದ್ರಿಸಿಕೊಂಡು ನೀವು ಈ ತಿಂಗಳು ನೋಡಿದ 20 ಬಿಲ್‌ಗಳನ್ನು ಮುಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಜಮೆ ಸಿಗುತ್ತದೆಯೇ, ಏಕೆ ಎಂದು ಎರಡು ಸಾಲು ಬರೆಯಿರಿ. ಕಚೇರಿಯ ಔತಣದ ಊಟದ ಬಿಲ್ಲಿಗೆ ಸಿಗುವುದಿಲ್ಲ. ಕ್ಯಾಂಟೀನ್ ನಡೆಸಲೇಬೇಕೆಂದು ಕಾನೂನು ಕಟ್ಟುಮಾಡಿರುವ ಕಾರ್ಖಾನೆಯ ಕ್ಯಾಂಟೀನ್ ಬಿಲ್ಲಿನ ಮಾತು ಬೇರೆ. ಇಂಥ ಎರಡು ಮೂರು ಕಡೆ ತಡವರಿಸಿದರೆ ಸರಿಯಾದ ಜಾಗದಲ್ಲಿ ಕಲಿಯುತ್ತಿದ್ದೀರಿ ಎಂದರ್ಥ. ಬರೆದದ್ದನ್ನು ಜಿಎಸ್‌ಟಿ ಮೇಜಿನವರಿಗೆ ತೋರಿಸಿ.

ರಾಜೀನಾಮೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೇಲಧಿಕಾರಿಯ ಬಳಿ ಹೋಗಿ 'ವರ್ಗಾವಣೆ ಕೊಡಿ' ಎಂದರೆ ಉತ್ತರ ಬಹುಪಾಲು 'ನೋಡೋಣ' ಎಂದೇ ಬರುತ್ತದೆ. ಅದರ ಬದಲು, 14ರಿಂದ 20ರವರೆಗೆ ದಿನಕ್ಕೆ ಒಂದು ಗಂಟೆ ಜಿಎಸ್‌ಟಿಯವರಿಗೆ ಸಿಗದ ಬಿಲ್‌ಗಳನ್ನು ನನಗೆ ಕೊಡಿ, ಸರಬರಾಜುದಾರರನ್ನು ನಾನು ಹಿಡಿಯುತ್ತೇನೆ ಎಂದು ಕೇಳಿ. ಒಪ್ಪಿದರೆ ಎಷ್ಟು ಬಿಲ್ ಬಿಡಿಸಿದಿರಿ, ಎಷ್ಟು ರೂಪಾಯಿಯ ಜಮೆ ಕೈಸೇರಿತು ಎಂದು ತಿಂಗಳು ತಿಂಗಳೂ ಬರೆದಿಡಿ. ಒಳಗಿನ ಹುದ್ದೆ ಖಾಲಿಯಾದಾಗಲೂ ಹೊರಗಿನ ಸಂದರ್ಶನದಲ್ಲಿಯೂ ತೋರಿಸಬೇಕಾದ ಸಂಖ್ಯೆ ಅದೇ. ಒಪ್ಪದಿದ್ದರೆ ನಿಂತ ಬಿಲ್‌ಗಳಲ್ಲಿ 150 ದಿನ ದಾಟಿದವುಗಳ ಪಟ್ಟಿಯನ್ನು, ಪ್ರತಿಯೊಂದರ ತೆರಿಗೆ ಮೊತ್ತದೊಂದಿಗೆ, ಪ್ರತಿ ತಿಂಗಳ 10ರೊಳಗೆ ಜಿಎಸ್‌ಟಿ ಮುಖ್ಯಸ್ಥರಿಗೆ ಕಳುಹಿಸಲು ಅನುಮತಿ ಕೇಳಿ. ಅದು ನಿಮ್ಮ ಈಗಿನ ಕೆಲಸದ ಒಳಗೇ ಬರುತ್ತದೆ, ಆದ್ದರಿಂದ ಬೇಡವೆನ್ನಲು ಮೇಲಧಿಕಾರಿಗೆ ಕಾರಣ ಸಿಗುವುದು ಕಡಿಮೆ.